ನೂರಕ್ಕೆ ಎಪ್ಪತ್ತೊಂದು

ನೂರ ಅರವತ್ತು ಚೀಟಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ಒಂದೊಂದರ ಮೇಲೂ ಒಂದೊಂದು ಸ್ವಿಚ್ ಪೆಟ್ಟಿಗೆಯ ಸಂಖ್ಯೆ ಬರೆದು, ನಾಲ್ಕು ಮಡಿಕೆ ಮಡಿಚಿ, ಅಕ್ಕನ ಊಟದ ಡಬ್ಬಿಯಲ್ಲಿ ಹಾಕಿ ಕುಲುಕಿದೆ. ನಮ್ಮ ಊರಿನ ಬೀದಿದೀಪಗಳು ಒಟ್ಟು ನಾಲ್ಕು ಸಾವಿರ. ಪೆಟ್ಟಿಗೆಗೆ ಇಪ್ಪತ್ತೈದು ಕಂಬ.

"ನೀನು ಎತ್ತಬೇಡ. ಯಾವ ಬೀದಿ ಕತ್ತಲೆ ಅಂತ ನಿನಗೆ ಗೊತ್ತಿದೆ. ನಾನೂ ಎತ್ತೋದಿಲ್ಲ," ಎಂದು ಅಕ್ಕ ಜವಾನರನ್ನು ಕರೆದಳು.

"ಲಾಟರಿನಾ ಮೇಡಂ? ಬಹುಮಾನ ಏನು?" ಎಂದರು ಅವರು, ಕೈ ಒರೆಸಿಕೊಳ್ಳುತ್ತ.

"ಬಹುಮಾನ ಇವಳಿಗೆ. ಎಂಟು ದಿನ ಸಂಜೆ ಕಂಬ ಸುತ್ತೋ ಭಾಗ್ಯ."

ಜವಾನರು ಕಣ್ಣು ಮುಚ್ಚಿ ಇಪ್ಪತ್ತು ಚೀಟಿ ಎತ್ತಿದರು. ನಾನು ಸಂಖ್ಯೆಗಳನ್ನು ಬರೆದುಕೊಂಡೆ, ಅಕ್ಕ ಕೆಳಗೆ ಸಹಿ ಹಾಕಿದಳು. ಆ ಪಟ್ಟಿಯ ಪ್ರತಿ ಅವಳ ಹತ್ತಿರ ಒಂದು, ನನ್ನ ಹತ್ತಿರ ಒಂದು ಇತ್ತು.

ಅವಳು ನನ್ನ ಒಡಹುಟ್ಟಿದವಳಲ್ಲ. ನಗರಸಭೆಯ ಯೋಜನಾ ವಿಭಾಗದ ಮುಖ್ಯಸ್ಥೆ. ಕೆಲಸಕ್ಕೆ ಸೇರಿದ ಮೊದಲ ವಾರ ನಾನು "ಮೇಡಂ" ಎಂದಾಗ, "ಮೇಡಂ ಅಂತ ಕರೆಯೋಕೆ ಇಲ್ಲಿ ನಲವತ್ತು ಜನ ಇದ್ದಾರೆ, ನೀನು ಅಕ್ಕ ಅನ್ನು," ಎಂದವಳು. ಏಳು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದ್ದೇವೆ. ವರದಿ ಬರೆಯುವುದನ್ನು ಕಲಿಸಿದ್ದೂ ಅವಳೇ. ಲೆಕ್ಕ ತಪ್ಪಿದರೆ ತಿದ್ದಬಹುದು, ಊಹೆಯನ್ನು ಮುಚ್ಚಿಟ್ಟರೆ ತಿದ್ದೋಕೆ ಯಾರಿಗೂ ಆಗೋದಿಲ್ಲ ಎನ್ನುತ್ತಿದ್ದಳು. ಅದಕ್ಕೇ ನನ್ನ ವರದಿಗಳಲ್ಲಿ ಮೊದಲ ಪುಟವೇ ಊಹೆಗಳ ಪಟ್ಟಿ. ಕಚೇರಿಯವರು ನನಗೆ "ಜರಡಿ" ಎಂದು ಹೆಸರಿಟ್ಟಿದ್ದರು. ಕಲ್ಲಿದ್ದರೂ ಇಲ್ಲದಿದ್ದರೂ ಜರಡಿ ಹಿಡಿಯದೆ ಬಿಡುವವಳಲ್ಲ ಎಂದು.

ಈ ಸಲದ ವರದಿ ಹಳೆಯ ಸೋಡಿಯಂ ದೀಪಗಳನ್ನು ಎಲ್‌ಇಡಿಗೆ ಬದಲಾಯಿಸುವುದರ ಕುರಿತು. ಒಂದು ಕಂಪನಿ ಮುಂದೆ ಬಂದಿತ್ತು. ದೀಪ, ಹಣ, ಕೂಲಿ ಎಲ್ಲ ಅವರದು. ಹತ್ತು ವರ್ಷ ನಾವು ಅವರಿಗೆ ವರ್ಷಕ್ಕೆ ಒಂದು ಕೋಟಿ ಹತ್ತು ಲಕ್ಷ ಕೊಡಬೇಕು. ಆ ಹಣ ಎಲ್ಲಿಂದ? ವಿದ್ಯುತ್ ಬಿಲ್ಲಿನ ಉಳಿತಾಯದಿಂದ. ಉಳಿತಾಯ ಅದಕ್ಕಿಂತ ಹೆಚ್ಚಾದರೆ ನಗರಸಭೆಗೆ ಲಾಭ, ಕಡಿಮೆಯಾದರೆ ನಷ್ಟ. ನೋಡಲು ಇಷ್ಟು ಸರಳ.

ಹಳೆಯ ದೀಪ ಚೋಕು ಸೇರಿ ನೂರ ಎಪ್ಪತ್ತೈದು ವ್ಯಾಟ್, ಹೊಸದು ಎಪ್ಪತ್ತು. ರಾತ್ರಿಗೆ ಹನ್ನೊಂದು ಗಂಟೆ. ನಾಲ್ಕು ಸಾವಿರ ದೀಪಗಳಿಗೆ ಗುಣಿಸಿದರೆ ವರ್ಷಕ್ಕೆ ಇಪ್ಪತ್ತೆಂಟು ಲಕ್ಷ ಯೂನಿಟ್‌ನಿಂದ ಹನ್ನೊಂದೂಕಾಲು ಲಕ್ಷಕ್ಕೆ ಇಳಿಯುತ್ತದೆ. ಕಂಪನಿಯ ಪ್ರಸ್ತಾವದಲ್ಲಿ ಇದ್ದದ್ದು ಇದೇ ಲೆಕ್ಕ. ಅದರ ಹೊಟ್ಟೆಯಲ್ಲಿ ಒಂದು ಊಹೆ ಕೂತಿತ್ತು. ನಾಲ್ಕು ಸಾವಿರ ದೀಪಗಳೂ ಈಗ ಉರಿಯುತ್ತಿವೆ ಎಂಬುದು.

ಉರಿಯುತ್ತಿರಲಿಲ್ಲ. ಹನ್ನೆರಡು ತಿಂಗಳ ಬಿಲ್ಲುಗಳನ್ನು ಕೂಡಿಸಿದಾಗ ಬಂದದ್ದು ಇಪ್ಪತ್ತು ಲಕ್ಷ ಯೂನಿಟ್. ಅಂದರೆ ನೂರಕ್ಕೆ ಎಪ್ಪತ್ತೊಂದು ದೀಪ ಮಾತ್ರ ಬೆಳಗುತ್ತಿವೆ. ಉಳಿದವು ಸತ್ತಿವೆ. ಸತ್ತ ದೀಪಕ್ಕೆ ಬಿಲ್ಲಿಲ್ಲ, ಬಿಲ್ಲಿಲ್ಲದ ಕಡೆ ಉಳಿತಾಯವೂ ಇಲ್ಲ. ದೀಪಗಳಲ್ಲಿ ನೂರಕ್ಕೆ ಇಪ್ಪತ್ತೊಂಬತ್ತು ಕಡಿಮೆಯಾದರೆ ಉಳಿತಾಯ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಹೊಸ ದೀಪಗಳಾದರೋ ನಾಲ್ಕು ಸಾವಿರವೂ ಉರಿಯುತ್ತವೆ, ಅವುಗಳ ಬಿಲ್ಲು ಪೂರ್ತಿ ಬರುತ್ತದೆ. ಯೂನಿಟ್‌ಗೆ ಏಳು ರೂಪಾಯಿಯಂತೆ ಹಿಡಿದು, ಬಲ್ಬು, ಚೋಕಿನ ಖರ್ಚು ತಪ್ಪುವುದನ್ನು ಸೇರಿಸಿದರೂ ವರ್ಷದ ಉಳಿತಾಯ ಎಂಬತ್ತೊಂದು ಲಕ್ಷ. ಕಂಪನಿಗೆ ಕೊಡಬೇಕಾದದ್ದು ಒಂದು ಕೋಟಿ ಹತ್ತು ಲಕ್ಷ.

ಕತ್ತಲೆ ಬೀದಿಗೆ ಬೆಳಕು ಬರುವುದು ದೊಡ್ಡ ಲಾಭವೇ. ಅದನ್ನು ಬೇರೆಯಾಗಿ ಬರೆದಿದ್ದೆ. ಆದರೆ ಆ ಲಾಭದಿಂದ ಕಂಪನಿಯ ಕಂತು ಕಟ್ಟಲಾಗುವುದಿಲ್ಲ. ಕೊರತೆ ಬೀಳುವ ಇಪ್ಪತ್ತೊಂಬತ್ತು ಲಕ್ಷವನ್ನು ಬೇರೆಲ್ಲಿಂದಲೋ ತರಬೇಕು. ಬಜೆಟ್ ಪುಸ್ತಕದಲ್ಲಿ ದೀಪಗಳ ಹೆಸರಿನಲ್ಲಿ ಉಳಿದಿದ್ದ ಬಾಬ್ತು ಒಂದೇ. ದೀಪ ರಿಪೇರಿ ತಂಡದ ದಿನಗೂಲಿ. ಹನ್ನೊಂದು ಜನ. ಅವರ ಮೇಸ್ತ್ರಿ ನನ್ನ ಚಿಕ್ಕಪ್ಪ.

ಹಾಗಾಗಿ ಆ ಎಪ್ಪತ್ತೊಂದು ನನಗೆ ಬರೀ ಅಂಕಿಯಾಗಿರಲಿಲ್ಲ. ಅದು ವರದಿಯಲ್ಲಿ ನಿಂತರೆ ಒಪ್ಪಂದ ಈ ರೂಪದಲ್ಲಿ ನಡೆಯುವುದಿಲ್ಲ. ಬಿದ್ದರೆ ಚಿಕ್ಕಪ್ಪ ಏಣಿಯಿಂದ ಕೆಳಗಿಳಿಯಬೇಕು.

"ಬಿಲ್ಲು ಸಾಲದು ಅಂತಾರೆ ಆಯುಕ್ತ ಸಾಹೇಬರು," ಎಂದಿದ್ದಳು ಅಕ್ಕ. "ಹಲವು ಮೀಟರ್ ನಿಂತುಹೋಗಿವೆ, ಬಿಲ್ಲು ಕಡಿಮೆ ತೋರಿಸ್ತಿದೆ ಅನ್ನೋದು ಕಂಪನಿಯ ವಾದ."

"ಹಾಗಾದ್ರೆ ಅಳೆಯೋಣ ಅಕ್ಕ. ಇಪ್ಪತ್ತು ಪೆಟ್ಟಿಗೆ ಚೀಟಿ ಎತ್ತಿ ಆರಿಸೋಣ. ನಾನು ಹೋಗಿ ಎಣಿಸ್ತೀನಿ. ಆಮೇಲೆ ಅದೇ ಪೆಟ್ಟಿಗೆಗಳಿಗೆ ಹದಿನೈದು ದಿನ ಅಳತೆಯ ಯಂತ್ರ ಕಟ್ಟೋಣ. ಮೂರೂ ಒಂದೇ ಹೇಳಿದ್ರೆ ಯಾರೂ ಬಾಯಿ ತೆಗೆಯೋ ಹಾಗಿಲ್ಲ."

"ನೋಡಿದ್ಯಾ, ನನ್ನನ್ನೇ ಮೀರಿಸಿಬಿಟ್ಟೆ!" ಎಂದು ನನ್ನ ಬೆನ್ನು ತಟ್ಟಿದ್ದಳು. ಆ ದಿನ ಮನೆಗೆ ಹೋಗುವಾಗ ಮೂರು ಸಲ ಅದನ್ನು ನೆನಪಿಸಿಕೊಂಡೆ.

ಎಂಟು ಸಂಜೆ ಐನೂರು ಕಂಬ ಸುತ್ತಿದೆ. ದೀಪ ಹತ್ತುವ ಹೊತ್ತಿಗೆ ಹೊರಟು, ಊಟದ ಹೊತ್ತಿಗೆ ಮನೆ. ಒಂದು ಬೀದಿಯಲ್ಲಿ ಒಬ್ಬ ಅಜ್ಜಿ ಬಾಗಿಲಲ್ಲೇ ಕಾದಿದ್ದು, "ಎಣಿಸೋಕೆ ಬಂದವಳು ನೀನೇನಾ? ಎಣಿಸೋರು ಬರ್ತಾರೆ, ಹಾಕೋರು ಬರೋದಿಲ್ಲ," ಎಂದು ಬೈದರು. ಸತ್ತ ದೀಪಗಳು ನೂರ ನಲವತ್ತೈದು. ಉರಿಯುತ್ತಿದ್ದವು ಮುನ್ನೂರ ಐವತ್ತೈದು. ಎಷ್ಟು ಸಲ ಭಾಗಿಸಿದರೂ ನೂರಕ್ಕೆ ಎಪ್ಪತ್ತೊಂದೇ. ಕಂಬದ ಸಂಖ್ಯೆ ಸಮೇತ ಸತ್ತ ದೀಪಗಳ ಪಟ್ಟಿ ಮಾಡಿ, ಆ ಅಜ್ಜಿಯ ಮಾತು ಕಿವಿಯಲ್ಲಿ ಇದ್ದುದರಿಂದ, ಕೊನೆಗೆ ಒಂದು ಸಾಲು ಸೇರಿಸಿದೆ: "ಇವುಗಳನ್ನು ಆದಷ್ಟು ಬೇಗ ಸರಿಪಡಿಸಬೇಕಾಗಿ ಕೋರಿಕೆ." ಪಟ್ಟಿ ಅಕ್ಕನಿಗೆ ಕೊಟ್ಟೆ.

ಮೂರು ವಾರ ಕಳೆದು ಯಂತ್ರ ಕಟ್ಟಿದರು. ಅಳತೆಯ ಕಡತ ಬಂದ ದಿನ ನಾನು ತೆರೆದು ನೋಡಿದೆ. ನೂರಕ್ಕೆ ತೊಂಬತ್ತೇಳು.

ನನ್ನದೇ ತಪ್ಪು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅಭ್ಯಾಸ. ಗಂಟೆಗಳನ್ನು ಎರಡು ಸಲ ಲೆಕ್ಕ ಹಾಕಿದೆನೇ ಎಂದು ನೋಡಿದೆ. ವೋಲ್ಟೇಜ್ ನೋಡಿದೆ. ಪೆಟ್ಟಿಗೆಗಳ ಸಂಖ್ಯೆ ಅದಲುಬದಲಾಗಿದೆಯೇ ಎಂದು ಒಂದೊಂದಾಗಿ ಟಿಕ್ ಹಾಕಿದೆ. ಎಲ್ಲ ಸರಿ. ಕೊನೆಗೆ ಹಳೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸಂಜೆ ಮತ್ತೆ ಹೊರಟೆ.

ಅಜ್ಜಿಯ ಬೀದಿ ಝಗಝಗಿಸುತ್ತಿತ್ತು. "ಬಾರವ್ವಾ, ನಿನ್ನ ಬಾಯಿಗೆ ಸಕ್ಕರೆ ಹಾಕ! ಹೇಳಿದ ಹದಿನೈದೇ ದಿನಕ್ಕೆ ಬಂದು ಹಾಕಿದ್ರು," ಎಂದು ಅವರು ನನ್ನ ಕೈ ಹಿಡಿದರು. ನಾನೂ ನಕ್ಕೆ. ಒಂದು ಕ್ಷಣ ನಿಜವಾಗಿ ಸಂತೋಷವೂ ಆಯಿತು. ಕಂಬ ಎಣಿಸುತ್ತ ಬೀದಿಯ ತುದಿಗೆ ಬಂದೆ. ಇಪ್ಪತ್ತೈದನೆಯ ಕಂಬ ಉರಿಯುತ್ತಿತ್ತು. ಅದರಾಚೆಯ ಕಂಬ ಪಕ್ಕದ ಪೆಟ್ಟಿಗೆಯದು. ಅದು ಕತ್ತಲೆ. ಅದರ ಮುಂದಿನದೂ ಕತ್ತಲೆ. ಬೆಳಕು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಅಲ್ಲಿಗೆ ನಿಂತಿತ್ತು.

ಎರಡನೆಯ ಪೆಟ್ಟಿಗೆಯ ಬೀದಿಗಳಿಗೆ ಹೋದೆ. ಅಲ್ಲಿಯೂ ಇಪ್ಪತ್ತೈದನೆಯ ಕಂಬಕ್ಕೆ ಬೆಳಕು ಮುಗಿದಿತ್ತು. ಮೂರನೆಯದಕ್ಕೆ ಹೋಗುವಾಗ ನನ್ನ ಹೆಜ್ಜೆ ನಿಧಾನವಾಯಿತು. ನೋಡುವುದೇನೂ ಉಳಿದಿರಲಿಲ್ಲ. ಜವಾನರು ಕಣ್ಣು ಮುಚ್ಚಿ ಎತ್ತಿದ ಇಪ್ಪತ್ತು ಚೀಟಿಗಳು ಊರ ತುಂಬ ಹತ್ತಿಕೊಂಡು ಉರಿಯುತ್ತಿದ್ದವು. ಊರಿನ ಉಳಿದ ಭಾಗ ಇದ್ದ ಹಾಗೇ ಇತ್ತು. ಆ ಪಟ್ಟಿ ಇದ್ದದ್ದು ಇಬ್ಬರ ಹತ್ತಿರ.

ಮರುದಿನ ಅಕ್ಕ ಊಟದ ಡಬ್ಬಿ ಬಿಚ್ಚುವ ಮೊದಲೇ ಕೇಳಿದೆ.

"ಅಕ್ಕ, ಅಳತೆಗೆ ಮುಂಚೆ ಆ ಇಪ್ಪತ್ತು ಪೆಟ್ಟಿಗೆಯ ದೀಪ ಮಾತ್ರ ರಿಪೇರಿಯಾಗಿದೆ."

"ಆಗಿದೆ," ಎಂದಳು. ಮುಚ್ಚಳ ತೆಗೆಯುತ್ತಲೇ ಇದ್ದಳು. "ನೀನೇ ಬರೆದಿದ್ಯಲ್ಲ, ಸರಿಪಡಿಸಿ ಅಂತ."

"ಎಲ್ಲ ಕಡೆ ಆಗಬೇಕಿತ್ತು. ಇಲ್ಲಾ ಅಳತೆ ಮುಗಿದ ಮೇಲೆ ಆಗಬೇಕಿತ್ತು. ಈ ಅಳತೆ ಊರಿನದಲ್ಲ ಅಕ್ಕ, ನಾವು ರಿಪೇರಿ ಮಾಡಿದ ಬೀದಿಗಳದು."

"ಕೂತ್ಕೋ. ಊಟ ಮಾಡು." ನಾನು ಕೂರಲಿಲ್ಲ. ಅವಳು ದನಿ ತಗ್ಗಿಸಿದಳು. "ನೋಡು, ಎಪ್ಪತ್ತೊಂದು ಅಂತ ಬರೆದ್ರೆ ಏನಾಗುತ್ತೆ? ಒಪ್ಪಂದ ಹೋಗುತ್ತೆ, ದೀಪಾನೂ ಹೋಗುತ್ತೆ. ಇನ್ನೂ ಹತ್ತು ವರ್ಷ ಕತ್ತಲೆ. ಸಾಹೇಬರು ಕಂಪನಿಗೆ ಮಾತು ಕೊಟ್ಟಾಗಿದೆ. ನನ್ನ ಸರ್ವೀಸ್ ಎರಡು ವರ್ಷ ಉಳಿದಿದೆ. ಅಂಕಿ ಒಂದೂ ಸುಳ್ಳಲ್ಲ. ಯಂತ್ರ ಏನು ತೋರಿಸ್ತೋ ಅದೇ ಬರೆದಿದೆ."

"ಎರಡೂ ಬರೆಯೋಣ. ಬಿಲ್ಲಿನ ಪ್ರಕಾರ ಇಷ್ಟು, ಯಂತ್ರದ ಪ್ರಕಾರ ಇಷ್ಟು. ಕಂತು ಕಡಿಮೆ ಮಾಡಿ ಅಂತ ಕಂಪನೀನ ಕೇಳೋಣ. ಇಲ್ಲಾ ದೀಪಗಳು ಹೆಚ್ಚು ಉರಿಯೋ ದೊಡ್ಡ ರಸ್ತೆಗಳಿಂದ ಶುರು ಮಾಡೋಣ."

"ವರದಿ ಮುದ್ರಣಕ್ಕೆ ಹೋಗಿದೆ," ಎಂದಳು. "ಸಿದ್ಧಪಡಿಸಿದವರು ಅಂತ ನಿನ್ನ ಹೆಸರೇ ಹಾಕಿಸಿದ್ದೀನಿ. ಖುಷಿಪಡ್ತೀಯ ಅಂದ್ಕೊಂಡೆ."

ಮಧ್ಯಾಹ್ನ ಪ್ರತಿ ಸಿಕ್ಕಿತು. ಊಹೆಗಳ ಪುಟದಲ್ಲಿ ಮೂರನೆಯ ಸಾಲು: "ಉರಿಯುವ ಪ್ರಮಾಣ: ನೂರಕ್ಕೆ ತೊಂಬತ್ತೇಳು, ಯಾದೃಚ್ಛಿಕವಾಗಿ ಆರಿಸಿದ ಪೆಟ್ಟಿಗೆಗಳ ಅಳತೆಯ ಆಧಾರದಲ್ಲಿ." ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಒಂದೊಂದು ಊಹೆಯನ್ನು ಸ್ವಲ್ಪ ಅಲುಗಾಡಿಸಿ ಫಲ ಹೇಗೆ ಬದಲಾಗುತ್ತದೆ ಎಂದು ನೋಡುವ ಪರೀಕ್ಷೆಯ ಕೋಷ್ಟಕವೂ ಇತ್ತು. ವಿದ್ಯುತ್ ದರ ಹತ್ತು ಪ್ರತಿಶತ ಇಳಿದರೂ ಲಾಭ. ದರ ಏರಿದರೆ ಹೆಚ್ಚು ಲಾಭ. ಮುಂದಿನ ವರ್ಷಗಳ ಹಣವನ್ನು ಇಂದಿನ ಬೆಲೆಗೆ ಇಳಿಸುವ ದರವನ್ನು ಆರರಿಂದ ಹನ್ನೆರಡಕ್ಕೆ ಏರಿಸಿದರೂ ಲಾಭ. ಉಳಿತಾಯವೂ ಕಂತೂ ವರ್ಷವರ್ಷ ಒಂದೇ ಆಗಿರುವಾಗ ಆ ದರ ಮೊತ್ತವನ್ನು ಬದಲಾಯಿಸುತ್ತದೆ, ಲಾಭವನ್ನು ನಷ್ಟ ಮಾಡುವುದಿಲ್ಲ. ಉರಿಯುವ ಪ್ರಮಾಣವನ್ನು ಹತ್ತು ಇಳಿಸಿ ಎಂಬತ್ತೇಳಕ್ಕೆ ತಂದಿದ್ದರು. ಆಗಲೂ ಎರಡೂವರೆ ಲಕ್ಷ ಲಾಭ. ಎಲ್ಲ ಸಾಲುಗಳೂ ಹಸಿರು.

ನಾನು ಮಾಡಿದ್ದ ಕೋಷ್ಟಕದಲ್ಲಿ ಇನ್ನೊಂದು ಸಾಲಿತ್ತು. ಲಾಭ ನಷ್ಟಕ್ಕೆ ತಿರುಗುವ ಅಂಕಿ: ಎಂಬತ್ತಾರು. ಆ ಸಾಲನ್ನು ತೆಗೆದಿದ್ದರು. ಬಾವಿಯ ಕಟ್ಟೆಯವರೆಗೆ ಕರೆದುಕೊಂಡು ಹೋಗಿ, ನೆಲ ಗಟ್ಟಿಯಾಗಿದೆ ನೋಡಿ ಎಂದು ತೋರಿಸಿ, ಅಲ್ಲಿಂದಲೇ ಹಿಂದಕ್ಕೆ ಕರೆತಂದ ಹಾಗಿತ್ತು. ಇದನ್ನು ಗೊತ್ತಿಲ್ಲದವರು ಮಾಡಲಾರರು. ಹತ್ತು ಎಂಬ ಅಳತೆಯನ್ನು ಆರಿಸಿದ ಕೈ ನನಗೆ ಲೆಕ್ಕ ಕಲಿಸಿದ ಕೈಯೇ.

ನೇರವಾಗಿ ದೀಪ ವಿಭಾಗದ ಶೆಡ್ಡಿಗೆ ಹೋದೆ. ಚಿಕ್ಕಪ್ಪ ಏಣಿ ಗಾಡಿಯ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ಹಳೆಯ ಬಲ್ಬುಗಳ ರಟ್ಟಿನ ಡಬ್ಬಗಳು ಗೋಡೆಗೆ ಒತ್ತಿಕೊಂಡಿದ್ದವು.

"ಏನ್ ಪುಟ್ಟಿ, ದಾರಿ ತಪ್ಪಿ ಬಂದ್ಯಾ?"

"ಚಿಕ್ಕಪ್ಪ, ರಿಪೇರಿ ಪುಸ್ತಕ ಕೊಡು. ಹೋದ ತಿಂಗಳದ್ದು."

ಅವನು ಗಾಳಿ ಹೊಡೆಯುವುದನ್ನು ನಿಲ್ಲಿಸಿದ. ಯಾವ ತಾರೀಖಿಗೆ ಯಾವ ಕಂಬಕ್ಕೆ ಬಲ್ಬು ಹಾಕಿದರು ಎಂಬುದು ಆ ಪುಸ್ತಕದಲ್ಲಿ ಇರುತ್ತದೆ. ನೂರ ಮೂವತ್ತು ಬಲ್ಬು, ಇಪ್ಪತ್ತೇ ಪೆಟ್ಟಿಗೆ, ಯಂತ್ರ ಕಟ್ಟುವ ಹಿಂದಿನ ವಾರ. ಆ ಒಂದು ಪುಟ ಸಾಕಿತ್ತು.

"ಅದು ಮೇಡಂ ಹತ್ರ ಇದೆ," ಎಂದ.

"ಯಾಕೆ ಅವರ ಹತ್ರ?"

"ಕೇಳಿದ್ರು, ಕೊಟ್ಟೆ."

ಅವನು ನನ್ನ ಮುಖ ನೋಡಲಿಲ್ಲ. ಚಿಕ್ಕಪ್ಪ ಸುಳ್ಳು ಹೇಳುವುದಿಲ್ಲ. ಹೇಳಬೇಕಾದಾಗ ಕೈಗೆ ಕೆಲಸ ಕೊಡುತ್ತಾನೆ. ಈಗ ಪಂಪಿನ ಕೊಳವೆಯನ್ನು ಸುತ್ತತೊಡಗಿದ, ಬಿಚ್ಚಿದ, ಮತ್ತೆ ಸುತ್ತಿದ.

"ನಿನಗೆ ಗೊತ್ತಿತ್ತಾ? ಯಾಕೆ ಆ ಇಪ್ಪತ್ತೇ ಅಂತ?"

"ಮೂವತ್ತು ವರ್ಷ ದೀಪ ಹಾಕಿದ್ದೀನಿ. ಒಂದು ಬೀದಿಗೆ ಹಾಕಿ ಪಕ್ಕದ ಬೀದಿ ಬಿಡು ಅಂದ್ರೆ ಅಷ್ಟೂ ಅರ್ಥ ಆಗಲ್ವಾ?"

"ನಂಗೆ ಒಂದು ಮಾತು ಹೇಳಬೇಕಿತ್ತಲ್ಲ ಚಿಕ್ಕಪ್ಪ. ಭಾನುವಾರ ನೀನೇ ನಮ್ಮ ಮನೆಗೆ ಬಂದಿದ್ದೆ, ಅಮ್ಮನ ಜೊತೆ ಎರಡು ಗಂಟೆ ಕೂತಿದ್ದೆ."

"ಪುಟ್ಟಿಗೆ ಹೇಳಬೇಡಿ, ಅವಳು ಸುಮ್ನೆ ತಲೆ ಕೆಡಿಸ್ಕೋತಾಳೆ ಅಂದ್ರು ಮೇಡಂ." ಆಮೇಲೆ ಗಂಟಲು ಸರಿ ಮಾಡಿಕೊಂಡ. "ನಮ್ಮ ಹನ್ನೊಂದು ಜನಾನೂ ಕಂಪನಿಗೆ ತಗೋತಾರಂತೆ. ದಿನಗೂಲಿ ಅಲ್ಲ, ತಿಂಗಳ ಸಂಬಳ. ನಿನ್ನ ಎಪ್ಪತ್ತೊಂದು ಇಟ್ಕೊಂಡು ನಾನೇನು ಮಾಡ್ಲಿ ಹೇಳು?"

ಸ್ಥಾಯಿ ಸಮಿತಿಯ ಸಭೆ ಗುರುವಾರ ಬೆಳಿಗ್ಗೆ. ಉದ್ದನೆಯ ಮೇಜು, ಏಳು ಸದಸ್ಯರು, ತುದಿಯಲ್ಲಿ ಆಯುಕ್ತ ಸಾಹೇಬರು. ಅಕ್ಕ ವರದಿಯನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದಳು. ಚೆನ್ನಾಗಿ ಹೇಳಿದಳು. ಅವಳು ಯಾವತ್ತೂ ಚೆನ್ನಾಗಿಯೇ ಹೇಳುತ್ತಾಳೆ.

ಸದಸ್ಯರಲ್ಲಿ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು. ಕನ್ನಡಕವನ್ನು ಹಣೆಗೇರಿಸಿ ಕೋಷ್ಟಕಕ್ಕೆ ಮೂಗು ತಾಗಿಸಿ ಓದುತ್ತಿದ್ದರು. "ಎಲ್ಲ ಹಸಿರು ಬಳಿದಿದ್ದೀರಲ್ಲಮ್ಮ, ತೋಟಗಾರಿಕೆ ಇಲಾಖೆ ವರದಿಯ ಹಾಗಿದೆ," ಎಂದರು. ಎಲ್ಲರೂ ನಕ್ಕರು. "ಕೆಂಪು ಎಲ್ಲಿಂದ ಶುರುವಾಗುತ್ತೆ?"

ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. "ಉರಿಯುವ ಪ್ರಮಾಣ ಎಂಬತ್ತಾರಕ್ಕೆ ಇಳಿದ್ರೆ ಸರ್. ಹನ್ನೆರಡು ತಿಂಗಳ ಬಿಲ್ಲಿನ ಪ್ರಕಾರ ಅದು ಎಪ್ಪತ್ತೊಂದು. ನಾನು ಎಣಿಸಿದಾಗಲೂ ಎಪ್ಪತ್ತೊಂದು. ಯಂತ್ರ ಕಟ್ಟೋ ಮುಂಚೆ, ಅಳೆಯೋ ಬೀದಿಗಳ ದೀಪ ಮಾತ್ರ ರಿಪೇರಿ ಮಾಡಿದ್ದಾರೆ. ಎಪ್ಪತ್ತೊಂದೇ ನಿಜವಾದ್ರೆ ವರ್ಷಕ್ಕೆ ಇಪ್ಪತ್ತೊಂಬತ್ತು ಲಕ್ಷ ನಷ್ಟ."

ಸದಸ್ಯರು ಕೋಷ್ಟಕದ ಪುಟ ತಿರುಗಿಸಿ ನೋಡತೊಡಗಿದರು.

ಅಕ್ಕ ಕೋಪಗೊಳ್ಳಲಿಲ್ಲ. ಚೀಲದಿಂದ ಒಂದು ಹಾಳೆ ತೆಗೆದು ಮೇಷ್ಟ್ರ ಮುಂದೆ ಸರಿಸಿದಳು. ನನ್ನದೇ ಪಟ್ಟಿ, ನನ್ನದೇ ಸಹಿ. "ಆದಷ್ಟು ಬೇಗ ಸರಿಪಡಿಸಬೇಕಾಗಿ ಕೋರಿಕೆ."

"ರಿಪೇರಿ ಮಾಡಿ ಅಂತ ಕೇಳಿದ್ದು ಇವಳೇ ಸರ್," ಎಂದಳು, ಮಗುವಿನ ತಪ್ಪನ್ನು ಹೇಳುವ ದನಿಯಲ್ಲಿ. "ತುಂಬಾ ಪ್ರಾಮಾಣಿಕ ಹುಡುಗಿ, ಸ್ವಲ್ಪ ಗಾಬರಿ ಜಾಸ್ತಿ. ಬೇಕಾದ್ರೆ ದೀಪದ ಮೇಸ್ತ್ರಿನ ಕೇಳಿ, ಹೊರಗೇ ಇದ್ದಾರೆ."

ಹೊರಗೇ ಇದ್ದರು. ಅಂದರೆ ನಾನು ಹೀಗೆ ಮಾತಾಡುತ್ತೇನೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಏಳು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದವಳಿಗೆ ಗೊತ್ತಿರದೆ ಇರುತ್ತದೆಯೇ?

ಚಿಕ್ಕಪ್ಪ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಆ ರಿಪೇರಿ ಏನಾದ್ರೂ ವಿಶೇಷವಾಗಿ ಮಾಡಿದ್ದಾ, ಮಾಮೂಲಿ ಕೆಲಸಾನಾ?" ಎಂದು ಮೇಷ್ಟ್ರು ಕೇಳಿದರು.

"ಮಾಮೂಲಿ ಕೆಲಸ ಸರ್. ದೂರು ಬಂದ ಕಡೆ ಹಾಕ್ತೀವಿ."

"ಬೇರೆ ಬೀದಿಗಳು?"

"ಸರದಿ ಪ್ರಕಾರ ಆಗುತ್ತೆ ಸರ್."

ಅವನು ನನಗಿಂತ ಮೂರು ಅಡಿ ದೂರದಲ್ಲಿ ನಿಂತಿದ್ದ. ಸೈಕಲ್ ಕಲಿಸುವಾಗ ನನ್ನ ಹಿಂದೆ ಓಡಿದವನು. ಮೇಷ್ಟ್ರು ನನ್ನನ್ನು ನೋಡಿದರು, ಪಟ್ಟಿಯನ್ನು ನೋಡಿದರು, ಕನ್ನಡಕವನ್ನು ಕೆಳಗಿಳಿಸಿದರು. "ಬಿಲ್ಲುಗಳನ್ನೂ ಅನುಬಂಧದಲ್ಲಿ ಸೇರಿಸಿ," ಎಂದರು. ಅಷ್ಟೇ. ಸಾಹೇಬರು ಗಡಿಯಾರ ನೋಡಿದರು. ಏಳು ಕೈಗಳಲ್ಲಿ ಆರು ಮೇಲೆದ್ದವು. ಮೇಷ್ಟ್ರ ಕೈ ಮೇಜಿನ ಮೇಲೆಯೇ ಇತ್ತು.

ಹೊರಗೆ ಬಂದಾಗ ಅಕ್ಕ ನನ್ನ ಭುಜದ ಮೇಲೆ ಕೈಯಿಟ್ಟಳು. "ನಾಳೆ ರಜೆ ತಗೋ. ಸುಸ್ತಾಗಿದ್ದೀಯ."

"ಮುಖಪುಟದಿಂದ ನನ್ನ ಹೆಸರು ತೆಗೆಸಿ ಮೇಡಂ," ಎಂದೆ.

ಆ ಪದಕ್ಕೆ ಅವಳ ಕೈ ಹಿಂದೆ ಸರಿಯಿತು. ಸಾಹೇಬರ ಕೋಣೆಯ ಕಡೆ ನಡೆದಳು.

ಮೆಟ್ಟಿಲ ಕೆಳಗೆ ಚಿಕ್ಕಪ್ಪ ಏಣಿ ಗಾಡಿಗೆ ಒರಗಿ ನಿಂತಿದ್ದ. "ಹತ್ತು, ಮನೆಗೆ ಬಿಡ್ತೀನಿ," ಎಂದ. ನಾನು ನಡೆದೆ. ಅವನು ಗಾಡಿಯನ್ನು ನನ್ನ ಪಕ್ಕದಲ್ಲೇ ನಿಧಾನವಾಗಿ ಬಿಟ್ಟುಕೊಂಡು ಬಂದ. ಹಿಂದಿನ ವಾಹನದವರು ಹಾರನ್ ಹೊಡೆದರು.

"ಬಿಸಿಲು ಪುಟ್ಟಿ. ಹತ್ತೇ."

ನಾನು ಹತ್ತಲಿಲ್ಲ.

"ಕೋಪ ಬರಲಿ, ಒಳ್ಳೇದೇ. ಆದ್ರೆ ಒಂದು ಹೇಳು. ಆ ಒಪ್ಪಂದದ ಕಾಗದ ನೀನು ಪೂರ್ತಿ ಓದಿರ್ತೀಯ. ಜರಡಿ ನೀನು. ನಮ್ಮ ಹನ್ನೊಂದು ಜನರ ವಿಷಯ ಯಾವ ಪುಟದಲ್ಲಿದೆ? ಹುಡುಗರು ಕೇಳ್ತಿದ್ದಾರೆ."

ನಾನು ನಿಂತೆ. ಓದಿದ್ದೆ, ಎರಡು ಸಲ. ಕೆಲಸಗಾರರ ವಿಷಯಕ್ಕೆ ಅದರಲ್ಲಿ ಒಂದೇ ಸಾಲಿತ್ತು, ಹದಿನಾಲ್ಕನೆಯ ಪುಟದಲ್ಲಿ. ನಿರ್ವಹಣೆಗೆ ಬೇಕಾದ ಸಿಬ್ಬಂದಿಯನ್ನು ಕಂಪನಿ ತಾನೇ ಒದಗಿಸಿಕೊಳ್ಳತಕ್ಕದ್ದು.

"ನಿನಗೆ ಯಾರಾದ್ರೂ ಬರೆದು ಕೊಟ್ಟಿದ್ದಾರಾ ಚಿಕ್ಕಪ್ಪ?"

"ಬರೆದು ಯಾಕೆ? ಮೇಡಂ ಬಾಯಲ್ಲೇ ಹೇಳಿದ್ದಾರಲ್ಲ."

ಅವನು ನನ್ನ ಮುಖವನ್ನು ಈಗ ನೋಡಿದ, ವಾರದಲ್ಲಿ ಮೊದಲ ಸಲ, ಬಹಳ ಹೊತ್ತು. ಹಿಂದಿನವರು ಮತ್ತೆ ಹಾರನ್ ಹೊಡೆದರು. ಅವನು ಗಾಡಿಯ ಎಂಜಿನ್ ಆರಿಸಿದ, ರಸ್ತೆಯ ನಡುವೆಯೇ.

"ಯಾವ ಪುಟ ಅಂತ ಹೇಳೇ," ಎಂದ.